ನಾನೂರ ಇಪ್ಪತ್ತು ಎಲ್ಲಿಗೆ ಹೋಯಿತು?

‘ಅವನೊಬ್ಬ ಫೋರ್ ಟ್ವೆಂಟಿ’ ಎಂದರೆ ಕಾನೂನು ಓದದವರಿಗೂ ಅರ್ಥವಾಗುತ್ತದೆ. 1860ರ ಭಾರತೀಯ ದಂಡ ಸಂಹಿತೆಯ 420ನೇ ಸೆಕ್ಷನ್ ವಂಚನೆಯ ಕುರಿತದ್ದು. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗ ಆ ಸಂಖ್ಯೆ ವಂಚನೆಯಿಂದ ಕಳಚಿಕೊಂಡಿತು. ಹೊಸ ಸಂಹಿತೆಯಲ್ಲಿ ಇರುವುದೇ 358 ಸೆಕ್ಷನ್. ಹಳೆಯ 420 ಈಗ 318(4).

ಈ ಕಂಸದೊಳಗಿನ ನಾಲ್ಕಕ್ಕೆ ಕಾರಣವಿದೆ. ಹಳೆಯ ಸಂಹಿತೆಯಲ್ಲಿ ವಂಚನೆ ಎಂದರೇನು ಎಂಬುದು 415ರಲ್ಲಿ, ಅದರ ಸಾಮಾನ್ಯ ಶಿಕ್ಷೆ 417ರಲ್ಲಿ, ಯಾರ ಹಿತ ಕಾಯಬೇಕಿತ್ತೋ ಅವರನ್ನೇ ವಂಚಿಸಿದರೆ ಆಗುವ ಶಿಕ್ಷೆ 418ರಲ್ಲಿ, ವಂಚಿಸಿ ಆಸ್ತಿ ಕೊಡುವಂತೆ ಮಾಡಿದರೆ 420ರಲ್ಲಿ ಇತ್ತು. ಒಂದೇ ಸಂಸಾರದವರು ಬೇರೆ ಬೇರೆ ಬಾಗಿಲು ಸಂಖ್ಯೆ ಹಾಕಿಕೊಂಡು ಸಾಲಾಗಿ ನಿಂತ ಹಾಗೆ. ಹೊಸ ಸಂಹಿತೆ ಈ ನಾಲ್ವರನ್ನೂ 318 ಎಂಬ ಒಂದೇ ಮನೆಗೆ ಸೇರಿಸಿ (1), (2), (3), (4) ಎಂದು ಕೋಣೆ ಕೊಟ್ಟಿತು. ನಡುವೆ ಇದ್ದ 416 ಮತ್ತು 419 ಬೇರೊಬ್ಬನ ವೇಷ ಹಾಕಿ ವಂಚಿಸುವ ಸಂಗತಿಯವು. ಅವು 319ಕ್ಕೆ ಹೋದವು. ಉದ್ದನೆಯ ಸಾಲನ್ನು ಒಂದರೊಳಗೊಂದು ಅಡಗುವ ಸಂಖ್ಯೆಗಳಾಗಿ ಮಾರ್ಪಡಿಸುವುದೆಂದರೆ ಇದೇ.

ಸಂಸತ್ತಿಗೆ ಇದನ್ನು ಮಾಡುವಾಗ ವಿಷಯವನ್ನೂ ಬದಲಿಸುವ ಅಧಿಕಾರವಿತ್ತು. ವಂಚನೆಯ ಸಾಮಾನ್ಯ ಶಿಕ್ಷೆಯ ಗರಿಷ್ಠ ಮಿತಿ ಒಂದು ವರ್ಷದಿಂದ ಮೂರು ವರ್ಷಕ್ಕೆ ಏರಿತು. ಆದರೆ ಬಾಡಿಗೆ ಕರಾರನ್ನೋ ಸಂಘದ ಬೈಲಾವನ್ನೋ ಓದಲು ಸುಲಭವಾಗಲೆಂದು ಜೋಡಿಸುವವರಿಗೆ ಆ ಅಧಿಕಾರವಿಲ್ಲ. ಅವರು ಸಂಖ್ಯೆಯನ್ನಷ್ಟೇ ಬದಲಿಸಬೇಕು. ಅರ್ಥ ಕೂದಲೆಳೆಯಷ್ಟೂ ಕದಲಬಾರದು. ಕಷ್ಟ ಇರುವುದು ಅಲ್ಲಿಯೇ.

ಒಂದು ಬಾಡಿಗೆ ಕರಾರಿನ ಕರಡಿದೆ ಎಂದುಕೊಳ್ಳೋಣ. ಎಂಟು ಷರತ್ತು, ಎಲ್ಲವೂ ಒಂದೇ ಸಾಲಿನಲ್ಲಿ: 1 ಬಾಡಿಗೆ ಮೊತ್ತ, 2 ಕೊಡುವ ದಿನ, 3 ಅಡ್ವಾನ್ಸ್, 4 ಕರೆಂಟ್ ಬಿಲ್, 5 ರಿಪೇರಿ ಖರ್ಚು, 6 ಅಡ್ವಾನ್ಸ್ ವಾಪಸಾತಿ, 7 ಸುಣ್ಣಬಣ್ಣ, 8 ಮನೆ ಬಿಡುವ ನೋಟಿಸು. ವಿಷಯದ ಪ್ರಕಾರ ಗುಂಪು ಮಾಡಿದರೆ ನಾಲ್ಕು ತಲೆಬರಹ ಸಾಕು.

```
1 ಬಾಡಿಗೆ    1.1 (ಹಳೆಯ 1)  1.2 (2)
2 ಅಡ್ವಾನ್ಸ್  2.1 (3)  2.2 (6)  2.3 (7)
3 ಖರ್ಚು     3.1 (4)  3.2 (5)
4 ನೋಟಿಸು   (8)
```

ನೋಟಿಸಿಗೆ 4.1 ಎಂದು ಕೊಟ್ಟಿಲ್ಲ. ಒಡಹುಟ್ಟು ಇಲ್ಲದ ಒಂಟಿ ಷರತ್ತಿಗೆ ಉಪಸಂಖ್ಯೆ ಕೊಟ್ಟರೆ, ‘4.2 ಎಲ್ಲಿ, ಯಾರಾದರೂ ಕಿತ್ತುಹಾಕಿದರೇ?’ ಎಂಬ ಅನುಮಾನ ಓದುವವರಿಗೆ ಬರುತ್ತದೆ.

ಇಷ್ಟಕ್ಕೆ ಕೆಲಸ ಮುಗಿಯಿತು ಎಂದುಕೊಂಡವರು ಎಡವುವುದು ಹಳೆಯ 6ನೇ ಷರತ್ತಿನಲ್ಲಿ. ಅದರಲ್ಲಿ ಹೀಗಿತ್ತು ಎಂದಿಟ್ಟುಕೊಳ್ಳಿ: ‘ಹಿಂದಿನ ಷರತ್ತಿನ ಮೊತ್ತವನ್ನೂ 7ನೇ ಷರತ್ತಿನ ಖರ್ಚನ್ನೂ ಅಡ್ವಾನ್ಸಿನಿಂದ ಕಳೆದು ಉಳಿದದ್ದನ್ನು ಹಿಂದಿರುಗಿಸತಕ್ಕದ್ದು.’ ಹಳೆಯ ಸಾಲಿನಲ್ಲಿ ‘ಹಿಂದಿನ ಷರತ್ತು’ ಎಂದರೆ 5, ಅಂದರೆ ರಿಪೇರಿ ಖರ್ಚು. ಹೊಸ ಜೋಡಣೆಯಲ್ಲಿ ಇದೇ ವಾಕ್ಯ 2.2 ಆಗಿದೆ, ಅದರ ಹಿಂದೆ ಇರುವುದು 2.1, ಅಂದರೆ ಅಡ್ವಾನ್ಸಿನ ಪೂರ್ತಿ ಮೊತ್ತ. ಅಡ್ವಾನ್ಸಿನಿಂದ ಅಡ್ವಾನ್ಸನ್ನೇ ಕಳೆದರೆ ಬಾಡಿಗೆದಾರರಿಗೆ ಉಳಿಯುವುದು ಸೊನ್ನೆ. ಒಂದಕ್ಷರವನ್ನೂ ತಿದ್ದದೆ, ಜಾಗ ಬದಲಿಸಿದ್ದರಿಂದಲೇ ಕರಾರು ತಲೆಕೆಳಗಾಯಿತು.

ಆದ್ದರಿಂದ ಅನುಭವಿಗಳು ಯಾವ ಷರತ್ತನ್ನೂ ಕದಲಿಸುವ ಮೊದಲು ‘ಮೇಲಿನ’, ‘ಹಿಂದಿನ’, ‘ಕೆಳಕಂಡ’, ‘ಸದರಿ’ ಎಂಬ ಮಾತುಗಳನ್ನೆಲ್ಲ ಹುಡುಕಿ, ಹಳೆಯ ಸಂಖ್ಯೆಗಳಲ್ಲಿಯೇ ಬಿಡಿಸಿ ಬರೆಯುತ್ತಾರೆ. ಇಲ್ಲಿ ‘5ನೇ ಷರತ್ತಿನ ಮೊತ್ತ’ ಎಂದು ಬರೆದುಕೊಂಡ ಮೇಲೆಯೇ ಸ್ಥಳಾಂತರ.

ಆಮೇಲೆ ಉಲ್ಲೇಖಗಳನ್ನು ಹೊಸ ಸಂಖ್ಯೆಗೆ ತರಬೇಕು. ಕಂಪ್ಯೂಟರಿನಲ್ಲಿ ಒಂದು ಸಂಖ್ಯೆ ಹುಡುಕಿ ಇನ್ನೊಂದನ್ನು ಹಾಕಿಬಿಡಬಹುದಲ್ಲ ಎನಿಸುತ್ತದೆ. 7 ಇದ್ದಲ್ಲಿ 2.3 ಹಾಕಿದಿರಿ, ಸರಿ. ನಂತರ ಹಳೆಯ 3ರ ಸರದಿ ಬಂದು 3 ಇದ್ದಲ್ಲೆಲ್ಲ 2.1 ಹಾಕಿದರೆ, ಆಗಲೇ ಬರೆದಿದ್ದ 2.3 ಹೋಗಿ 2.2.1 ಆಗುತ್ತದೆ. 5ನ್ನು 3.2 ಮಾಡಲು ಹೊರಟರೆ ‘ಪ್ರತಿ ತಿಂಗಳ 5ನೇ ತಾರೀಖಿನೊಳಗೆ’ ಎಂಬುದು ‘3.2ನೇ ತಾರೀಖು’ ಆಗಿ ಕೂರುತ್ತದೆ. ಇದಕ್ಕೆ ಉಪಾಯ ಎರಡು ಸುತ್ತಿನ ಬದಲಾವಣೆ. ಮೊದಲ ಸುತ್ತಿನಲ್ಲಿ ಷರತ್ತಿನ ಉಲ್ಲೇಖವೆಂದು ಕಣ್ಣಾರೆ ಕಂಡದ್ದನ್ನು ಮಾತ್ರ `[[7]]` ಎಂದು ಗುರುತು ಹಾಕುವುದು. ಎರಡನೆಯದರಲ್ಲಿ ಗುರುತಿನೊಳಗಿನದನ್ನಷ್ಟೇ ಬದಲಿಸುವುದು. ಕೊನೆಗೆ `[[` ಎಂದು ಹುಡುಕಿದಾಗ ಒಂದೂ ಸಿಗಬಾರದು.

ವರ್ಡ್‌ನಂಥ ತಂತ್ರಾಂಶದಲ್ಲಿ ಸಂಖ್ಯೆಯನ್ನು ಕೈಯಿಂದ ಒತ್ತದೆ ಬಹುಹಂತದ ಪಟ್ಟಿಯಾಗಿ ಕೊಟ್ಟು, ಉಲ್ಲೇಖವನ್ನೂ ಅದಕ್ಕೇ ಕಟ್ಟಿಹಾಕಿದರೆ ಮುಂದಿನ ಸಲ ಈ ಪಾಡು ಇರುವುದಿಲ್ಲ. ಆದರೆ ಆ ಉಲ್ಲೇಖಗಳು ತಾವಾಗಿಯೇ ತಕ್ಷಣ ಬದಲಾಗುವುದಿಲ್ಲ. ಪೂರ್ತಿ ಕಡತವನ್ನು `Ctrl+A` ಒತ್ತಿ ಆರಿಸಿ `F9` ಒತ್ತಬೇಕು. ಉಲ್ಲೇಖಿಸಿದ ಷರತ್ತು ಅಳಿದುಹೋಗಿದ್ದರೆ ಆಗ `Error! Reference source not found.` ಎಂದು ಕಾಣಿಸುತ್ತದೆ. ಮುದ್ರಣಕ್ಕೆ ಮೊದಲೇ ಕಂಡರೆ ಅದು ಒಳ್ಳೆಯದೇ.

ಮೂರನೆಯ ಹಂತಕ್ಕೆ ಇಳಿದಾಗ ಕನ್ನಡಕ್ಕೇ ವಿಶಿಷ್ಟವಾದ ತೊಡಕುಗಳು ಎದುರಾಗುತ್ತವೆ. ಒಂದು, ಅಕ್ಷರದ್ದು. ಕೆಲವರು (ಅ), (ಆ), (ಇ) ಎಂದು ಹಾಕುತ್ತಾರೆ. ಕೆಲವರು ಇಂಗ್ಲಿಷಿನ ಕ್ರಮದಲ್ಲಿ (ಎ), (ಬಿ), (ಸಿ) ಎನ್ನುತ್ತಾರೆ. ಎರಡೂ ಒಂದೇ ಕಡತದಲ್ಲಿ ಬೆರೆತರೆ ‘3.2(ಎ)’ ಎಂಬುದು ಮೊದಲನೆಯದೋ, ಅ, ಆ, ಇ, ಈ, ಉ, ಊ, ಋ ಕಳೆದು ಬರುವ ಎಂಟನೆಯದೋ ತಿಳಿಯುವುದಿಲ್ಲ. ಯಾವುದನ್ನು ಆರಿಸಿದರೂ ಸರಿ, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಅದೊಂದೇ ಇರಬೇಕು.

ಇನ್ನೊಂದು ಕ್ರಿಯಾಪದದ್ದು, ಮತ್ತು ಇದು ಹೆಚ್ಚು ಸೂಕ್ಷ್ಮ. ಇಂಗ್ಲಿಷಿನಲ್ಲಿ ‘ಬಾಡಿಗೆದಾರರು ಇವುಗಳ ಖರ್ಚು ಕೊಡಬೇಕು’ ಎಂಬ ಭಾಗ ಪಟ್ಟಿಗೆ ಮೊದಲೇ ಬರಬಲ್ಲದು. ಕನ್ನಡದಲ್ಲಿ ಕ್ರಿಯೆ ಕೊನೆಗೆ ಬರುವುದು ಸಹಜ: ‘(ಅ) ನಲ್ಲಿ, (ಆ) ಕಿಟಕಿ ಗಾಜು, (ಇ) ಸ್ವಿಚ್ಚು’ ಎಂದು ಪಟ್ಟಿ ಮಾಡಿ, ‘ಇವು ಬಾಡಿಗೆದಾರರ ತಪ್ಪಿನಿಂದ ಹಾಳಾದರೆ ರಿಪೇರಿ ಖರ್ಚು ಅವರದೇ’ ಎಂದು ಮುಗಿಸುತ್ತೇವೆ. ಈ ಬಾಲದ ಸಾಲನ್ನು ತಂತ್ರಾಂಶ (ಇ)ಯ ಕೆಳಗೆ ಒಳಸರಿಸಿಬಿಟ್ಟರೆ ಅದು ಸ್ವಿಚ್ಚಿಗಷ್ಟೇ ಅಂಟಿದಂತೆ ಕಾಣುತ್ತದೆ. ನಲ್ಲಿ ಮತ್ತು ಗಾಜು ಕ್ರಿಯೆಯಿಲ್ಲದೆ ತೂಗಾಡುತ್ತವೆ. ಆ ಸಾಲು 3.2ರ ಅಂಚಿಗೇ ಮರಳಬೇಕು. ಇಲ್ಲವೇ ‘ಕೆಳಗಿನವು ಬಾಡಿಗೆದಾರರ ತಪ್ಪಿನಿಂದ ಹಾಳಾದರೆ ರಿಪೇರಿ ಖರ್ಚು ಅವರದೇ:’ ಎಂದು ಅದನ್ನು ಪಟ್ಟಿಯ ತಲೆಗೆ ತರಬೇಕು. ಕರಡಿನ ಹಂತದಲ್ಲಿ ಎರಡನೆಯದೇ ಲೇಸು; ಬಾಲವಿಲ್ಲದ ಪಟ್ಟಿ ತಪ್ಪು ಜಾಗಕ್ಕೆ ಜಾರುವುದಿಲ್ಲ.

ಇದೆಲ್ಲ ಸಹಿ ಬೀಳದ ಕರಡಿನ ಮಾತು. ಜಾರಿಯಲ್ಲಿರುವ ದಾಖಲೆಯಲ್ಲಿ ಮರುಸಂಖ್ಯೆ ಬೇಡ, ಏಕೆಂದರೆ ಹೊರಗಿನ ಪತ್ರ, ನೋಟಿಸು, ತೀರ್ಪುಗಳು ಹಳೆಯ ಸಂಖ್ಯೆಯನ್ನೇ ಹಿಡಿದಿರುತ್ತವೆ. 1978ರ 44ನೇ ತಿದ್ದುಪಡಿ ಸಂವಿಧಾನದ 19(1)(ಎಫ್) ಅಡಿಯ ಆಸ್ತಿಯ ಹಕ್ಕನ್ನು ತೆಗೆದುಹಾಕಿದಾಗ, ವೃತ್ತಿ ಸ್ವಾತಂತ್ರ್ಯದ (ಜಿ) ಮೇಲಕ್ಕೆ ಜರುಗಿ (ಎಫ್) ಆಗಲಿಲ್ಲ. ಇಂದಿಗೂ (ಇ) ಆದ ಮೇಲೆ ಒಂದು ಖಾಲಿ ಜಾಗ, ನಂತರ (ಜಿ). ಹೊಸದಾಗಿ ಸೇರುವುದಿದ್ದರೆ ಶಿಕ್ಷಣದ ಹಕ್ಕಿನ 21ಎ ಹಾಗೆ, ಇದ್ದ ಸಂಖ್ಯೆಗೆ ಅಕ್ಷರ ಅಂಟಿಸಿ ನಡುವೆ ಕೂರಿಸುತ್ತಾರೆ.

ಮರುಸಂಖ್ಯೆ ಅನಿವಾರ್ಯವಾದರೆ ಹಳೆಯದು–ಹೊಸದು ಎಂಬ ಎರಡು ಕಾಲಮ್ಮಿನ ಪಟ್ಟಿಯನ್ನು ಜೊತೆಗಿಡಬೇಕು. ದಂಡ ಸಂಹಿತೆಯ ಅಂಥ ಪಟ್ಟಿ ಈಗ ವಕೀಲರಿಗೆ ದಿನವೂ ಬೇಕು. 2024ರ ಜೂನ್ 30ರಂದು ನಡೆದ ವಂಚನೆಗೆ ಈಗ ದೂರು ಕೊಟ್ಟರೂ ಅನ್ವಯವಾಗುವುದು 420; ಮರುದಿನ ನಡೆದದ್ದಕ್ಕೆ 318(4).