ಸರದಿಯಲ್ಲಿ ಜಾಹೀರಾತಿಗೆ ಎಷ್ಟು ಜಾಗ?

ಇಳಕಲ್ ಸೀರೆ ಮಾರುವ ಅಂಗಡಿಯೊಂದು ಫೇಸ್‌ಬುಕ್‌ನಲ್ಲಿ ವಾರಕ್ಕೆ 10 ಪೋಸ್ಟ್ ಹಾಕುತ್ತದೆ ಎಂದಿಟ್ಟುಕೊಳ್ಳೋಣ. ದಿನವೂ ಕೂತು ಹಾಕಲು ಪುರುಸೊತ್ತಿಲ್ಲ. ಮೊದಲೇ ಬರೆದು ತಂತ್ರಾಂಶಕ್ಕೆ ತುಂಬಿಟ್ಟರೆ ಹೊತ್ತಿಗೆ ಸರಿಯಾಗಿ ಒಂದೊಂದೇ ಹೊರಬೀಳುತ್ತವೆ. ಮಾಲೀಕರು ಪಾಲು ಹಂಚಿದ್ದಾರೆ: ತಿಳಿವಳಿಕೆಗೆ 5, ರಂಜನೆಗೆ 3, ಮಾರಾಟಕ್ಕೆ 2. ಸೆರಗಿನ ನೂಲನ್ನು ಒಡಲಿನ ನೂಲಿಗೆ ಕೊಂಡಿ ಹಾಕಿ ಜೋಡಿಸುವ ಬಗೆ ತಿಳಿವಳಿಕೆಯ ಪೋಸ್ಟ್. ಅಂಚಿನ ಫೋಟೊ ಹಾಕಿ ಹೆಸರು ಊಹಿಸಿ ಎನ್ನುವುದು ರಂಜನೆ. ಬೆಲೆ ಬರೆದ ಸೀರೆಯ ಚಿತ್ರ ಮಾರಾಟ.

ಮಾರಾಟಕ್ಕೆ ಇಷ್ಟು ಕಡಿಮೆ ಏಕೆ? ಕೊಳ್ಳಿ ಕೊಳ್ಳಿ ಎನ್ನುವುದನ್ನು ಬಿಟ್ಟು ಬೇರೇನೂ ಹೇಳದ ಪೋಸ್ಟ್‌ಗಳನ್ನು 2015ರ ಜನವರಿಯಿಂದ ಕಡಿಮೆ ಜನರಿಗೆ ತೋರಿಸುವುದಾಗಿ ಫೇಸ್‌ಬುಕ್ 2014ರ ನವೆಂಬರ್‌ನಲ್ಲೇ ಹೇಳಿತ್ತು. ಇನ್ನು 5:3:2 ಎಂಬುದು ಅಂದಾಜಿನ ಲೆಕ್ಕವಷ್ಟೇ. ಅಂಗಡಿಗೆ ತಕ್ಕಂತೆ ಬದಲಿಸಬಹುದು.

ಕಷ್ಟ ಶುರುವಾಗುವುದು ಪಾಲು ಹಂಚಿದ ಮೇಲೆ. ಹತ್ತನ್ನೂ ಒಂದೇ ರಾಶಿಗೆ ಹಾಕಿ ಕಲಸಿದರೆ, ಎರಡು ಮಾರಾಟದ ಪೋಸ್ಟ್‌ಗಳು ಬೆನ್ನುಬೆನ್ನಿಗೇ ಬರುವ ಸಾಧ್ಯತೆ ಐದರಲ್ಲಿ ಒಂದು. ಆದ್ದರಿಂದ ವಿಭಾಗಗಳ ಸೌಲಭ್ಯವಿರುವ ತಂತ್ರಾಂಶದಲ್ಲಿ ಸಮಯಕ್ಕೇ ವಿಭಾಗವನ್ನು ಕಟ್ಟುತ್ತಾರೆ: ಮಂಗಳವಾರ ಮತ್ತು ಶನಿವಾರ ಸಂಜೆ ಮಾತ್ರ ಮಾರಾಟ. ಆಗ ದಾಸ್ತಾನು ಎಷ್ಟೇ ಇರಲಿ, ಅದಕ್ಕೆ ಸಿಗುವುದು ಎರಡೇ ಜಾಗ.

ಆದರೆ ದಾಸ್ತಾನು ಸುಮ್ಮನಿರುವುದಿಲ್ಲ. ಹೊಸ ಸೀರೆ ಬಂದಾಗಲೆಲ್ಲ ಒಂದು ಫೋಟೊ, ಒಂದು ಬೆಲೆ. ಮಾರಾಟದ ಪೋಸ್ಟ್ 40 ಆಗಲು ಹೊತ್ತು ಬೇಕಿಲ್ಲ. ನೇಯ್ಗೆಯ ವಿವರ ಬರೆಯಲು ನೇಕಾರರ ಬಳಿ ಕೂರಬೇಕು, ಹಾಗಾಗಿ ಅವು ಬರೀ 6. ಮೊದಲ ವಾರ ಐದು ಖರ್ಚಾದರೆ ಎರಡನೇ ವಾರಕ್ಕೆ ಉಳಿಯುವುದು ಒಂದೇ. ಖಾಲಿ ಬಿದ್ದ ನಾಲ್ಕು ಜಾಗಗಳನ್ನು ಬೇರೆ ವಿಭಾಗದಿಂದ ತುಂಬಲು ಬಿಟ್ಟರೆ, ರಾಶಿ ದೊಡ್ಡದಿರುವ ಮಾರಾಟವೇ ನುಗ್ಗುತ್ತದೆ. ಹತ್ತರಲ್ಲಿ ಆರು ಜಾಹೀರಾತು! ಕಾಗದದ ಮೇಲೆ ಪಾಲು ಇನ್ನೂ ಎರಡೇ. ಯಾರಿಗೂ ಎಚ್ಚರಿಕೆ ಹೋಗಿರುವುದಿಲ್ಲ.

ಹಳೆಯದನ್ನೇ ಮತ್ತೆ ಹಾಕುವ ಏರ್ಪಾಡೂ ಉಂಟು. ಆರೇ ಪೋಸ್ಟ್ ಇದ್ದರೆ ಕೊಂಡಿಯ ಕಥೆ ವಾರ ಕಳೆದ ಬೆನ್ನಿಗೇ ಮರಳಿ ಬರುತ್ತದೆ. ನನ್ನ ಮಟ್ಟಿಗೆ, ಜಾಗ ಖಾಲಿ ಬಿಡುವುದೇ ಮೇಲು. ವಾರಕ್ಕೆ ಬೇಕಾದ ಐದಕ್ಕಿಂತ ದಾಸ್ತಾನು ಇಳಿದ ದಿನವೇ ಹೊಸದನ್ನು ಬರೆಯಲು ಕೂರಬೇಕು.

ಇನ್ನೊಂದು ಸೋರಿಕೆ, ಸರದಿಯ ಹೊರಗಿನದು. ಹಬ್ಬದ ರಿಯಾಯಿತಿ ಎಂದು ಮೊಬೈಲಿನಿಂದ ನೇರವಾಗಿ ಹಾಕಿದ್ದು ತಂತ್ರಾಂಶದ ಲೆಕ್ಕಕ್ಕೆ ಸಿಗದೆ ಹೋಗಬಹುದು. ಕೊಂಡಿಯ ವಿವರ ಬರೆದು ಕೊನೆಗೆ ‘ಇಂದೇ ಆರ್ಡರ್ ಮಾಡಿ’ ಎಂದರೆ ಅದೂ ಮಾರಾಟದ್ದೇ. ಆದ್ದರಿಂದ ತಂತ್ರಾಂಶದ ಪಟ್ಟಿಯನ್ನು ಬದಿಗಿಟ್ಟು ಪುಟವನ್ನೇ ತೆರೆದು, ಕೊನೆಯ ಹತ್ತು ಪೋಸ್ಟ್‌ಗಳಲ್ಲಿ ಕೊಳ್ಳಲು ಹೇಳುವವು ಎಷ್ಟೆಂದು ಎಣಿಸಬೇಕು. ದೀಪಾವಳಿಗೆಂದು ಮಾರಾಟದ ಪಾಲನ್ನು ನಾಲ್ಕಕ್ಕೆ ಏರಿಸುವುದಾದರೆ, ಏರಿಸುವಾಗಲೇ ಇಳಿಸುವ ತಾರೀಖನ್ನೂ ಗುರುತು ಹಾಕಿಡಿ.