ತಿಂಗಳ ಖರ್ಚಿಗೆ ಯಾವ ಠೇವಣಿ?

ಬ್ಯಾಂಕಿನ ನಿಶ್ಚಿತ ಠೇವಣಿಯಲ್ಲಿ ಬಡ್ಡಿಯನ್ನು ಎರಡು ಬಗೆಯಲ್ಲಿ ಪಡೆಯಬಹುದು. ಸಂಚಿತ ಠೇವಣಿಯಲ್ಲಿ ಬಡ್ಡಿ ಮೂರು ತಿಂಗಳಿಗೊಮ್ಮೆ ಅಸಲಿಗೆ ಸೇರಿ, ಅವಧಿ ಮುಗಿದಾಗ ಒಟ್ಟಿಗೆ ಕೈಸೇರುತ್ತದೆ. ಇನ್ನೊಂದರಲ್ಲಿ ಅದು ತಿಂಗಳು ಅಥವಾ ಮೂರು ತಿಂಗಳಿಗೊಮ್ಮೆ ಉಳಿತಾಯ ಖಾತೆಗೆ ಬರುತ್ತದೆ.

ನಿವೃತ್ತರೊಬ್ಬರು 10 ಲಕ್ಷ ರೂಪಾಯಿಯನ್ನು ಶೇ. 7ರ ದರದಲ್ಲಿ 5 ವರ್ಷಕ್ಕೆ ಇಟ್ಟರು ಎನ್ನೋಣ. ಸಂಚಿತ ಠೇವಣಿಯಾದರೆ ಕೊನೆಗೆ ಸುಮಾರು 14.15 ಲಕ್ಷ ಸಿಗುತ್ತದೆ. ತಿಂಗಳ ಬಡ್ಡಿಯಾದರೆ ಲೆಕ್ಕಕ್ಕೆ 5,833 ರೂಪಾಯಿ ಬರಬೇಕು. ಆದರೆ ಬರುವುದು ಸುಮಾರು 5,800. ಮೂರು ತಿಂಗಳ ಬಡ್ಡಿಯನ್ನು ಮುಂಚಿತವಾಗಿ ಕೊಡುವುದಕ್ಕಾಗಿ ಬ್ಯಾಂಕು ಅಷ್ಟನ್ನು ಮುರಿದುಕೊಳ್ಳುತ್ತದೆ. ಐದು ವರ್ಷದಲ್ಲಿ ಒಟ್ಟು 3.48 ಲಕ್ಷ ಬಡ್ಡಿ ಬರುತ್ತದೆ, ಅಸಲು ಹಾಗೇ ಉಳಿಯುತ್ತದೆ.

ವ್ಯತ್ಯಾಸ ಸುಮಾರು 67 ಸಾವಿರ. ಇದನ್ನು ನಷ್ಟವೆನ್ನುವುದು ತಪ್ಪು. ಅದು ಬಡ್ಡಿಯ ಮೇಲಿನ ಬಡ್ಡಿ. ಖರ್ಚಾದ ಹಣ ಬೆಳೆಯಲಾರದು. ಹೆಚ್ಚು ಮೊತ್ತದ ಆಸೆಗೆ ಸಂಚಿತ ಠೇವಣಿ ಇಟ್ಟು, ಔಷಧಿ, ದಿನಸಿಗೆಂದು ನಡುವೆ ಮುರಿದರೆ ನಿಜವಾದ ನಷ್ಟ. ಹಣ ಇದ್ದಷ್ಟು ಅವಧಿಯ ದರವನ್ನೇ ಕೊಟ್ಟು, ಸಾಮಾನ್ಯವಾಗಿ ಅದರಲ್ಲೂ ಅರ್ಧದಿಂದ ಒಂದು ಶೇಕಡಾ ದಂಡ ಕಳೆಯುತ್ತಾರೆ.

ತೆರಿಗೆಯಲ್ಲೂ ಎಚ್ಚರ ಬೇಕು. ಸಂಚಿತ ಠೇವಣಿಯ ಬಡ್ಡಿ ಕೈಗೆ ಬಾರದಿದ್ದರೂ, ಬ್ಯಾಂಕು ವರ್ಷವರ್ಷದ ಲೆಕ್ಕ ಹಿಡಿದು ಟಿಡಿಎಸ್ ಕಡಿಯಬಹುದು.

ತಿಂಗಳ ಬಡ್ಡಿಗೂ ಮಿತಿಯಿದೆ: ಬೆಲೆ ಏರಿದರೂ 5,800 ಏರುವುದಿಲ್ಲ. ಆದ್ದರಿಂದ ಮನೆಖರ್ಚಿಗೆ ಬೇಕಾದಷ್ಟನ್ನು ಮಾತ್ರ ತಿಂಗಳ ಬಡ್ಡಿಗೆ ಇಟ್ಟು, ಮಿಕ್ಕದ್ದನ್ನು ಸಂಚಿತ ಠೇವಣಿಯಲ್ಲಿಡುವುದು ಸರಿಯಾದ ದಾರಿ.