ಕಾರ್ಬನ್ ತಟ್ಟೆಯುಳ್ಳ ಓಟದ ಶೂಗಳು: ಪ್ರಯೋಜನ, ಅಪಾಯ ಮತ್ತು ಬಳಕೆಯ ಕ್ರಮ

ರಸ್ತೆ ಓಟದ ಸ್ಪರ್ಧೆಗಳಲ್ಲಿ ಭಾಗವಹಿಸುವವರಲ್ಲಿ ಅನೇಕರು ಇತ್ತೀಚಿನ ವರ್ಷಗಳಲ್ಲಿ ಕಾರ್ಬನ್ ತಟ್ಟೆಯುಳ್ಳ ಶೂಗಳನ್ನು ಖರೀದಿಸುತ್ತಿದ್ದಾರೆ. ಈ ಶೂಗಳಿಂದ ಎಲ್ಲರಿಗೂ ಸಮಾನ ಪ್ರಯೋಜನವಾಗುವುದಿಲ್ಲ. ಖರೀದಿಸುವ ಮುನ್ನ ತಿಳಿದಿರಬೇಕಾದ ಅಂಶಗಳನ್ನು ಈ ಕೆಳಗೆ ವಿವರಿಸಲಾಗಿದೆ.

1. ಶೂಗಳ ರಚನೆ

ಸದರಿ ಶೂಗಳ ದಪ್ಪನಾದ ಅಡಿಭಾಗವು ಹಗುರವಾದ, ಮೃದುವಾದ ಫೋಮ್‌ನಿಂದ ಮಾಡಲ್ಪಟ್ಟಿದ್ದು, ಅದರೊಳಗೆ ಬಾಗಿದ ಕಾರ್ಬನ್ ಫೈಬರ್ ತಟ್ಟೆಯೊಂದನ್ನು ಅಳವಡಿಸಲಾಗಿರುತ್ತದೆ. ತಟ್ಟೆಯೇ ಓಟಗಾರನನ್ನು ಮುಂದಕ್ಕೆ ಚಿಮ್ಮಿಸುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಆದರೆ ತಟ್ಟೆಯನ್ನು ಅಡ್ಡಲಾಗಿ ಕತ್ತರಿಸಿ ನಡೆಸಿದ ಪ್ರಯೋಗದಲ್ಲಿ ಶಕ್ತಿಯ ಉಳಿತಾಯವು ಗಣನೀಯವಾಗಿ ಕಡಿಮೆಯಾಗಲಿಲ್ಲ. ಹೀಗಾಗಿ, ತುಳಿದಾಗ ಕುಗ್ಗಿ ಪುನಃ ಹಿಗ್ಗುವ ಫೋಮ್‌ನ ಪಾಲು ಹೆಚ್ಚಿನದೆಂದು ತಿಳಿಯಬಹುದಾಗಿದೆ. ತಟ್ಟೆಯು ಶೂ ಬಾಗದಂತೆ ತಡೆಯುವುದರಿಂದ ಪಾದದ ಮೇಲೆ ಬೀಳುವ ಭಾರದ ಹಂಚಿಕೆಯು ಬದಲಾಗುತ್ತದೆ.

2. ಯಾರಿಗೆ ಹೆಚ್ಚು ಪ್ರಯೋಜನ

2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 18 ಮಂದಿ ವೇಗದ ಓಟಗಾರರು ಗಂಟೆಗೆ 14ರಿಂದ 18 ಕಿ.ಮೀ. ವೇಗದಲ್ಲಿ ಓಡಿದಾಗ, ಇಂತಹ ಶೂಗಳಿಂದ ಸರಾಸರಿ ಶೇ. 4ರಷ್ಟು ಶಕ್ತಿ ಉಳಿತಾಯವಾಯಿತು. ನಂತರ ನಿಧಾನ ವೇಗದಲ್ಲಿ ನಡೆಸಿದ ಮತ್ತೊಂದು ಅಧ್ಯಯನದಲ್ಲಿ ಉಳಿತಾಯವು ಗಂಟೆಗೆ 12 ಕಿ.ಮೀ. ವೇಗದಲ್ಲಿ ಸುಮಾರು ಶೇ. 1.4ಕ್ಕೆ ಹಾಗೂ 10 ಕಿ.ಮೀ. ವೇಗದಲ್ಲಿ ಸುಮಾರು ಶೇ. 0.9ಕ್ಕೆ ಇಳಿಯಿತು. ಒಂದೇ ವೇಗದಲ್ಲಿ ಓಡುವವರ ನಡುವೆಯೂ ವ್ಯತ್ಯಾಸವಿದ್ದು, ಕೆಲವರಿಗೆ ಯಾವುದೇ ಲಾಭವಾಗದಿರಬಹುದು.

ಉದಾಹರಣೆಗೆ, ಗಂಟೆಗೆ 10 ಕಿ.ಮೀ. ವೇಗದ ಓಟಗಾರರೊಬ್ಬರು 21.1 ಕಿ.ಮೀ. ದೂರದ ಅರ್ಧ ಮ್ಯಾರಥಾನ್ ಅನ್ನು ಸುಮಾರು 2 ಗಂಟೆ 7 ನಿಮಿಷಗಳಲ್ಲಿ ಪೂರೈಸುತ್ತಾರೆ. ಉಳಿತಾಯವೆಲ್ಲವೂ ವೇಗವಾಗಿ ಪರಿವರ್ತನೆಯಾದರೂ ಇವರಿಗೆ ದೊರೆಯುವುದು ಸುಮಾರು 1 ನಿಮಿಷ ಮಾತ್ರ. ಇವರು ಶೂ ಬದಲಿಸುವುದಕ್ಕಿಂತ ಅಭ್ಯಾಸದ ಕ್ರಮವನ್ನು ಸರಿಪಡಿಸಿಕೊಳ್ಳುವುದು ಲಾಭದಾಯಕ.

3. ಗಾಯದ ಅಪಾಯ

2023ರಲ್ಲಿ ವೈದ್ಯರು ಈ ಶೂಗಳನ್ನು ಬಳಸಿದ 5 ಮಂದಿ ಕ್ರೀಡಾಪಟುಗಳಲ್ಲಿ ನವಿಕ್ಯುಲರ್ ಎಂಬ ಮೂಳೆಗೆ ಒತ್ತಡದಿಂದಾದ ಹಾನಿಯನ್ನು ವರದಿ ಮಾಡಿದರು. ಐದು ಪ್ರಕರಣಗಳಿಂದ ಶೂಗಳೇ ಕಾರಣವೆಂದು ಸಿದ್ಧವಾಗುವುದಿಲ್ಲವಾದರೂ ಎಚ್ಚರಿಕೆ ಅಗತ್ಯ. ಈ ಮೂಳೆಯು ಕಣಕಾಲಿನ ಮುಂದೆ, ಪಾದದ ಒಳಬದಿಯ ಕಮಾನಿನ ಮೇಲ್ಭಾಗದಲ್ಲಿದೆ. ಅದರ ಮಧ್ಯಭಾಗಕ್ಕೆ ರಕ್ತಪೂರೈಕೆ ಕಡಿಮೆ ಇರುವುದರಿಂದ ಗಾಯವು ನಿಧಾನವಾಗಿ ಮಾಯುತ್ತದೆ.

ಇದರ ನೋವು ಆರಂಭದಲ್ಲಿ ಅಸ್ಪಷ್ಟವಾಗಿದ್ದು, ಓಡುವಾಗ ಹೆಚ್ಚಿ ವಿಶ್ರಾಂತಿಯಲ್ಲಿ ಕಡಿಮೆಯಾಗುತ್ತದೆ. ಆದ್ದರಿಂದ ಅನೇಕರು ಅದನ್ನು ಸಾಮಾನ್ಯ ಉಳುಕೆಂದು ಭಾವಿಸಿ ಓಟ ಮುಂದುವರಿಸುತ್ತಾರೆ. ಪಾದದ ಮೇಲ್ಭಾಗವನ್ನು ಬೆರಳಿನಿಂದ ಒತ್ತಿದಾಗ ಒಂದೇ ಸ್ಥಳದಲ್ಲಿ ನೋವಾದರೆ ಅಥವಾ ಒಂಟಿ ಕಾಲಿನಲ್ಲಿ ಕುಪ್ಪಳಿಸಿದಾಗ ನೋವು ಕಾಣಿಸಿದರೆ ಓಟವನ್ನು ಕೂಡಲೇ ನಿಲ್ಲಿಸಿ ಮೂಳೆ ತಜ್ಞರನ್ನು ಕಾಣತಕ್ಕದ್ದು. ಸಾಮಾನ್ಯ ಎಕ್ಸ್-ರೇಯಲ್ಲಿ ಈ ಹಾನಿ ಕಾಣದಿರುವ ಸಂಭವವಿದ್ದು, ಎಂಆರ್‌ಐ ಪರೀಕ್ಷೆ ಬೇಕಾಗಬಹುದು. ಹಾನಿ ದೃಢಪಟ್ಟಲ್ಲಿ ಸಾಮಾನ್ಯವಾಗಿ 6ರಿಂದ 8 ವಾರಗಳವರೆಗೆ ಆ ಕಾಲಿನ ಮೇಲೆ ಭಾರ ಹಾಕದಿರಲು ಸೂಚಿಸಲಾಗುತ್ತದೆ.

4. ಹಂತ ಹಂತವಾಗಿ ಬಳಸುವ ಕ್ರಮ

ವಾರದಲ್ಲಿ 4 ದಿನ, ಒಟ್ಟು 30 ಕಿ.ಮೀ. ಓಡುವ, ಯಾವುದೇ ನೋವಿಲ್ಲದ ಓಟಗಾರರು ಸ್ಪರ್ಧೆಗೆ 8 ವಾರ ಮುಂಚಿತವಾಗಿ ಈ ಕೆಳಕಂಡಂತೆ ಆರಂಭಿಸಬಹುದು:

ಅ) 1 ಮತ್ತು 2ನೇ ವಾರ: ವಾರಕ್ಕೊಮ್ಮೆ 2 ಕಿ.ಮೀ. ಮಾತ್ರ, ಸಮತಟ್ಟಾದ ರಸ್ತೆಯಲ್ಲಿ ನಿಧಾನವಾಗಿ.
ಆ) 3 ಮತ್ತು 4ನೇ ವಾರ: ವಾರಕ್ಕೊಮ್ಮೆ 4 ಕಿ.ಮೀ.; ಇದರಲ್ಲಿ ಸ್ವಲ್ಪ ದೂರ ಸ್ಪರ್ಧೆಯ ವೇಗದಲ್ಲಿ.
ಇ) 5 ಮತ್ತು 6ನೇ ವಾರ: ವಾರಕ್ಕೊಮ್ಮೆ 6ರಿಂದ 8 ಕಿ.ಮೀ.
ಈ) 7ನೇ ವಾರ: ಒಮ್ಮೆ 10 ಕಿ.ಮೀ., ಸ್ಪರ್ಧೆಯ ವೇಗದಲ್ಲಿ.
ಉ) 8ನೇ ವಾರ: 2 ಕಿ.ಮೀ. ಲಘು ಓಟ, ತದನಂತರ ಸ್ಪರ್ಧೆ.

ಉಳಿದ ಎಲ್ಲಾ ಓಟಗಳನ್ನು ಹಿಂದಿನ ಶೂಗಳಲ್ಲಿಯೇ ಮುಂದುವರಿಸತಕ್ಕದ್ದು. ಒಟ್ಟು ದೂರವನ್ನು ಇದೇ ಅವಧಿಯಲ್ಲಿ ಹೆಚ್ಚಿಸಿದಲ್ಲಿ, ನೋವು ಬಂದಾಗ ಅದಕ್ಕೆ ಶೂ ಕಾರಣವೇ ಅಥವಾ ದೂರವೇ ಎಂಬುದನ್ನು ಗುರುತಿಸಲಾಗುವುದಿಲ್ಲ. ಮರುದಿನ ಮೀನಖಂಡದಲ್ಲಿ ಲಘು ಬಿಗಿತವಿದ್ದಲ್ಲಿ, ಅದು ಕಡಿಮೆಯಾಗುವವರೆಗೆ ಅದೇ ಹಂತದಲ್ಲಿ ಉಳಿಯುವುದು ಸೂಕ್ತ. ಮೃದುವಾದ ಎತ್ತರದ ಅಡಿಭಾಗವು ತಿರುವುಗಳಲ್ಲಿ ಓಲಾಡುವುದರಿಂದ, ಅಭ್ಯಾಸದ ಮಾರ್ಗದಲ್ಲಿ ಒಂದೆರಡು ತಿರುವುಗಳಿರುವಂತೆ ನೋಡಿಕೊಳ್ಳಬೇಕು.

ವಿಶೇಷ ಸೂಚನೆ: ಈ ಹಿಂದೆ ಪಾದದ ಮೂಳೆಗೆ ಒತ್ತಡದ ಹಾನಿಯಾದವರು ಹಾಗೂ ಹಿಮ್ಮಡಿಯ ಸ್ನಾಯುರಜ್ಜುವಿನ ನೋವುಳ್ಳವರು ವೈದ್ಯರ ಸಲಹೆಯಿಲ್ಲದೆ ಈ ಶೂಗಳನ್ನು ಬಳಸಬಾರದು.